ಟ್ರೆಷರಿ ಬಿಲ್‌ನ ಶೇ 5 ಯಾಕೆ ಶೇ 5 ಅಲ್ಲ: ಡಿಸ್ಕೌಂಟ್ ದರದಿಂದ ನಿಜವಾದ ಗಳಿಕೆಗೆ

ಅಮೆರಿಕದ ಟ್ರೆಷರಿ ಇಲಾಖೆ 13 ವಾರದ ಬಿಲ್, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರ, ಹರಾಜು ಹಾಕಿದ ಮೇಲೆ ಒಂದು ಪುಟದ ಫಲಿತಾಂಶ ಹೊರಡಿಸುತ್ತದೆ. ಅದರಲ್ಲಿ `High Rate` ಎಂಬ ಸಾಲು ಒಂದು. ಸ್ವಲ್ಪ ಕೆಳಗೆ `Investment Rate` ಎಂಬ ಸಾಲು ಇನ್ನೊಂದು. ಬಿಲ್ ಒಂದೇ, ದಿನ ಒಂದೇ, ಬೆಲೆಯೂ ಒಂದೇ. ಆದರೂ ಎರಡು ಕಡೆ ಎರಡು ಬೇರೆ ದರ. ಮೊದಲನೆಯದು ಶೇ 5.000 ಇದ್ದರೆ ಎರಡನೆಯದು ಶೇ 5.134 ಇರುತ್ತದೆ.

ನಾನು ಮೊದಲ ಸಲ ಇದನ್ನು ನೋಡಿದಾಗ ಮೇಲಿನ ದರವನ್ನೇ ಹಿಡಿದುಕೊಂಡೆ. ಬ್ಯಾಂಕೊಂದರ ಮೂರು ತಿಂಗಳ ಠೇವಣಿಯ ದರದ ಪಕ್ಕ ಇಟ್ಟು ನೋಡಿ, ಠೇವಣಿಯೇ ಮೇಲು ಅಂದುಕೊಂಡು ಅದಕ್ಕೆ ಹಣ ಹಾಕಿದೆ. ಆಮೇಲೆ ಲೆಕ್ಕ ಬಿಡಿಸಿದಾಗ ಬಿಲ್ಲೇ ಮುಂದಿತ್ತು ಅಂತ ಗೊತ್ತಾಯಿತು. ತಪ್ಪು ಯಾರದ್ದೂ ಅಲ್ಲ, ನಾನು ಎರಡು ಬೇರೆ ಅಳತೆಗೋಲುಗಳನ್ನು ಒಂದೇ ಅಂದುಕೊಂಡಿದ್ದೆ. ಅದನ್ನು ಹೇಗೆ ಬಿಡಿಸಬೇಕು ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ಇಲ್ಲಿ ಹೇಳುತ್ತೇನೆ. ಕ್ಯಾಲ್ಕುಲೇಟರ್ ಒಂದು ಹತ್ತಿರ ಇರಲಿ.

ಡಿಸ್ಕೌಂಟ್ ದರ ಅಂದರೆ ಏನು

ಟ್ರೆಷರಿ ಬಿಲ್‌ಗೆ ನಡುವೆ ಬಡ್ಡಿ ಬರುವುದಿಲ್ಲ. ಮುಖಬೆಲೆಗಿಂತ ಕಡಿಮೆ ಕೊಟ್ಟು ಕೊಳ್ಳುತ್ತೀರಿ, ಅವಧಿ ಮುಗಿದ ದಿನ ಪೂರ್ತಿ ಮುಖಬೆಲೆ ಕೈಗೆ ಬರುತ್ತದೆ. ನಡುವಿನ ವ್ಯತ್ಯಾಸವೇ ನಿಮ್ಮ ಸಂಪಾದನೆ. ಇಷ್ಟು ಸರಳ ವಸ್ತುವಿಗೆ ದರ ಹೇಳುವಾಗ ಮಾತ್ರ ಮಾರುಕಟ್ಟೆ ಒಂದು ಹಳೆಯ ರೂಢಿಯನ್ನು ಬಿಟ್ಟಿಲ್ಲ. ಅದೇ ಬ್ಯಾಂಕ್ ಡಿಸ್ಕೌಂಟ್ ದರ, ಫಲಿತಾಂಶದ `High Rate` ಸಾಲಿನಲ್ಲಿ ಇರುವುದೂ ಇದೇ.

ಆ ರೂಢಿಯಲ್ಲಿ ಎರಡು ಸಂಗತಿ ಇವೆ. ಸಂಪಾದನೆಯನ್ನು ನೀವು ಕೊಟ್ಟ ಹಣದಿಂದ ಭಾಗಿಸುವುದಿಲ್ಲ, ಮುಖಬೆಲೆಯಿಂದ ಭಾಗಿಸುತ್ತಾರೆ. ಹಾಗೆಯೇ ವರ್ಷಕ್ಕೆ 365 ದಿನ ಹಿಡಿಯುವುದಿಲ್ಲ, 360 ಹಿಡಿಯುತ್ತಾರೆ. ಸೂತ್ರ ಹೀಗಿದೆ. ಇಲ್ಲಿ F ಮುಖಬೆಲೆ, P ನೀವು ಕೊಡುವ ಬೆಲೆ, t ಉಳಿದ ದಿನಗಳು, d ಡಿಸ್ಕೌಂಟ್ ದರ:

```
d = (F - P) / F × 360 / t
```

ಕೈಯಲ್ಲಿ ಲೆಕ್ಕ ಮಾಡುವವರಿಗೆ ಇದು ತುಂಬ ಅನುಕೂಲ. ಮುಖಬೆಲೆ ಯಾವಾಗಲೂ ದುಂಡು ಮೊತ್ತ, 360 ಬಹಳಷ್ಟು ಸಂಖ್ಯೆಗಳಿಂದ ಸರಿಯಾಗಿ ಭಾಗವಾಗುತ್ತದೆ. 10 ಲಕ್ಷ ಡಾಲರ್ ಮುಖಬೆಲೆಯ 90 ದಿನದ ಬಿಲ್‌ನಲ್ಲಿ ದರ ಶೇ 0.01 ಕದಲಿದರೆ ಬೆಲೆ ಸರಿಯಾಗಿ 25 ಡಾಲರ್ ಕದಲುತ್ತದೆ. ವ್ಯಾಪಾರಿ ಬಾಯಲ್ಲೇ ಲೆಕ್ಕ ಹೇಳಬಹುದು.

ಆದರೆ ನಿಮ್ಮ ಪ್ರಶ್ನೆ ಬೇರೆ ಅಲ್ವಾ? ನೀವು ಕೇಳುವುದು, ನಾನು ಹಾಕಿದ ಹಣಕ್ಕೆ ವರ್ಷಕ್ಕೆ ಎಷ್ಟು ಬಂತು ಅಂತ. ಡಿಸ್ಕೌಂಟ್ ದರ ಅದಕ್ಕೆ ಉತ್ತರ ಕೊಡುವುದೇ ಇಲ್ಲ. ಅದು ಬೆಲೆಯನ್ನು ಬರೆಯುವ ಒಂದು ರೀತಿ, ಅಷ್ಟೇ. ಆದ್ದರಿಂದ ನನ್ನ ಸಲಹೆ ಒಂದೇ: ದರದಿಂದ ನೇರವಾಗಿ ದರಕ್ಕೆ ಹಾರಬೇಡಿ. ಮೊದಲು ಬೆಲೆಗೆ ಬನ್ನಿ. ಬೆಲೆಯಿಂದ ಗಳಿಕೆಗೆ ಹೋಗಿ. ಎರಡು ಮೂರು ಸಲ ಹಾಗೆ ಮಾಡಿದ ಮೇಲೆ ಒಂದೇ ಏಟಿಗೆ ಬದಲಿಸುವ ಸೂತ್ರವನ್ನು ನಂಬಬಹುದು.

ಮೊದಲು ದಿನ ಎಣಿಸಿ

ಎಣಿಸಬೇಕಾದದ್ದು ಬಿಲ್‌ನ ಹೆಸರಿನಲ್ಲಿರುವ ಅವಧಿಯನ್ನಲ್ಲ. ಹಣ ನಿಮ್ಮ ಖಾತೆಯಿಂದ ಹೋಗುವ ದಿನದಿಂದ ಮುಖಬೆಲೆ ವಾಪಸ್ ಬರುವ ದಿನದವರೆಗೆ ಇರುವ ದಿನಗಳನ್ನು. ಮೊದಲ ದಿನವನ್ನು ಬಿಡಬೇಕು, ಕೊನೆಯ ದಿನವನ್ನು ಸೇರಿಸಬೇಕು. ಹರಾಜು ನಡೆದ ದಿನವೂ ಇಲ್ಲಿ ಲೆಕ್ಕಕ್ಕಿಲ್ಲ. ಬಿಲ್ ನೀಡುವ ದಿನವೇ ಹಣ ಹೋಗುವ ದಿನ.

13 ವಾರದ ಬಿಲ್ ಸಾಮಾನ್ಯವಾಗಿ ಗುರುವಾರ ಹೊರಬಂದು ಗುರುವಾರ ಮುಗಿಯುತ್ತದೆ. ಉದಾಹರಣೆಗೆ 2025ರ ಜನವರಿ 2ರಂದು ಹಣ ಕೊಟ್ಟು ಏಪ್ರಿಲ್ 3ರಂದು ವಾಪಸ್ ಪಡೆಯುವ ಬಿಲ್ ತೆಗೆದುಕೊಳ್ಳೋಣ. ಜನವರಿಯಲ್ಲಿ 29 ದಿನ, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 31, ಏಪ್ರಿಲ್‌ನಲ್ಲಿ 3. ಒಟ್ಟು 91. ಸುಮ್ನೆ ಮೂರು ತಿಂಗಳು ಅಂತ 90 ಹಾಕಿದರೆ ಅಲ್ಲೇ ಲೆಕ್ಕ ಸ್ವಲ್ಪ ಜಾರುತ್ತದೆ. ರಜಾದಿನ ಅಡ್ಡ ಬಂದರೆ ದಿನಗಳು ಒಂದು ಹೆಚ್ಚು ಕಡಿಮೆ ಆಗಬಹುದು. ಹಾಗಾಗಿ ಪ್ರತಿ ಸಲವೂ ಎಣಿಸುವುದೇ ಒಳ್ಳೆಯದು.

ನಡುವೆ ಇನ್ನೊಬ್ಬರಿಂದ ಕೊಂಡರೆ t ಅಂದರೆ ಉಳಿದ ದಿನಗಳು ಮಾತ್ರ. ಬ್ರೋಕರ್ ಮೂಲಕ ಕೊಂಡಾಗ ಹಣ ಸಾಮಾನ್ಯವಾಗಿ ಮರುದಿನದ ಕೆಲಸದ ದಿನ ಸಲ್ಲುತ್ತದೆ. ಆ ದಿನದಿಂದ ಎಣಿಸಿ, ಗುಂಡಿ ಒತ್ತಿದ ದಿನದಿಂದ ಅಲ್ಲ.

ದರದಿಂದ ಬೆಲೆಗೆ

ನಮ್ಮ ಬಿಲ್‌ನ ಡಿಸ್ಕೌಂಟ್ ದರ ಶೇ 5 ಅಂತ ಇಟ್ಟುಕೊಳ್ಳೋಣ. ಲೆಕ್ಕ ಕಣ್ಣಿಗೆ ಸುಲಭವಾಗಲಿ ಅಂತ ನಾನೇ ಆರಿಸಿದ ದರ ಇದು, ಆ ವಾರದ ಹರಾಜಿನದ್ದಲ್ಲ. ಮುಖಬೆಲೆ 10,000 ಡಾಲರ್, ದಿನ 91. ಮೇಲಿನ ಸೂತ್ರವನ್ನು ತಿರುಗಿಸಿದರೆ ಬೆಲೆ ಸಿಗುತ್ತದೆ:

```
P = F × (1 - d × t / 360)
P = 10000 × (1 - 0.05 × 91 / 360)
P = 10000 × 0.98736111 = 9873.61
```

ಅಂದರೆ ನೀವು 9,873 ಡಾಲರ್ 61 ಸೆಂಟ್ ಕೊಡುತ್ತೀರಿ. 91 ದಿನದ ನಂತರ 10,000 ಬರುತ್ತದೆ. ಸಂಪಾದನೆ 126 ಡಾಲರ್ 39 ಸೆಂಟ್. ಟ್ರೆಷರಿಯ ಫಲಿತಾಂಶದಲ್ಲಿ ಬೆಲೆಯನ್ನು 100 ಡಾಲರ್ ಮುಖಬೆಲೆಗೆ ಆರು ದಶಮಾಂಶದವರೆಗೆ ಕೊಡುತ್ತಾರೆ. ಇಲ್ಲಿ ಅದು 98.736111 ಆಗುತ್ತದೆ. ನಿಮ್ಮ ಬೆಲೆ ಇದಕ್ಕೆ ಹೊಂದಿದರೆ ದಿನಗಳ ಎಣಿಕೆ ಸರಿಯಾಗಿದೆ ಅಂತ ಅರ್ಥ. ಹೊಂದದಿದ್ದರೆ ಮುಂದೆ ಹೋಗಬೇಡಿ, ಮೊದಲು ದಿನಗಳನ್ನೇ ನೋಡಿ. ಹತ್ತಕ್ಕೆ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ.

ಬೆಲೆಯಿಂದ ನಿಜವಾದ ಗಳಿಕೆಗೆ

ಈಗ ಎರಡು ತಿದ್ದುಪಡಿ. ಒಂದೊಂದಾಗಿ ಮಾಡೋಣ, ಆಗ ಯಾವುದರಿಂದ ಎಷ್ಟು ವ್ಯತ್ಯಾಸ ಅಂತ ಕಾಣುತ್ತದೆ.

ಸಂಪಾದನೆ 126.39. ನೀವು ಹಾಕಿದ್ದು 10,000 ಅಲ್ಲ, 9,873.61. ಹಾಗಾಗಿ ಅದರಿಂದಲೇ ಭಾಗಿಸಬೇಕು. 126.39ನ್ನು 9,873.61ರಿಂದ ಭಾಗಿಸಿದರೆ 0.0128007. ಅಂದರೆ 91 ದಿನಕ್ಕೆ ಶೇ 1.28. ವರ್ಷದ ಲೆಕ್ಕವನ್ನು ಸದ್ಯಕ್ಕೆ 360ರಲ್ಲೇ ಇಟ್ಟು 360/91ರಿಂದ ಗುಣಿಸಿ. ಶೇ 5.064 ಬರುತ್ತದೆ. ಭಾಗಿಸುವ ಮೊತ್ತ ಸರಿಮಾಡಿದ್ದಕ್ಕೆ ಶೇ 5 ಹೋಗಿ 5.064 ಆಯಿತು.

ಈ ನಡುವಿನ ದರಕ್ಕೂ ಒಂದು ಹೆಸರಿದೆ, ಮನಿ ಮಾರ್ಕೆಟ್ ಯೀಲ್ಡ್. ಅಮೆರಿಕದಲ್ಲಿ ರಾತ್ರಿ ಸಾಲದ ದರ ಎಸ್‌ಒಎಫ್‌ಆರ್ ಕೂಡ 360 ದಿನದ ವರ್ಷದ ಮೇಲೆ, ಕೊಟ್ಟ ಹಣದ ಮೇಲೆ ಲೆಕ್ಕ ಹಾಕಿದ್ದು. ಅದರ ಜೊತೆ ಬಿಲ್ಲನ್ನು ಹೋಲಿಸುವಾಗ ಈ 5.064ರ ಹತ್ತಿರವೇ ನಿಲ್ಲಬೇಕು.

ಬಾಂಡ್‌ಗಳ ಜೊತೆ ಹೋಲಿಸಬೇಕು ಅಂದರೆ ಇನ್ನೊಂದು ಹೆಜ್ಜೆ ಇದೆ. ವರ್ಷದಲ್ಲಿ ನಿಜವಾಗಿ 365 ದಿನ. ಆದ್ದರಿಂದ:

```
y = (F - P) / P × 365 / t
y = 126.3889 / 9873.6111 × 365 / 91 = 0.051343
```

ಶೇ 5.134. ಇದನ್ನೇ ಟ್ರೆಷರಿ `Investment Rate` ಅಂತ ಬರೆಯುತ್ತದೆ. ಅದೇ ಇಲಾಖೆ ಪ್ರತಿದಿನ ಹಾಕುವ ಬಿಲ್ ದರಗಳ ಪಟ್ಟಿಯಲ್ಲಿ `COUPON EQUIVALENT` ಅಂತ ಇರುತ್ತದೆ, ಪಕ್ಕದಲ್ಲೇ `BANK DISCOUNT` ಕೂಡ ಇರುತ್ತದೆ. ವ್ಯಾಪಾರಿಗಳ ಬಾಯಲ್ಲಿ ಇದು ಬಾಂಡ್ ಈಕ್ವಿವಲೆಂಟ್ ಯೀಲ್ಡ್. ಮೂರು ಹೆಸರು, ಒಂದೇ ದರ. ಹೆಸರು ಬದಲಾದದ್ದಕ್ಕೆ ಗಾಬರಿ ಬೇಡ.

ಈಗ ಗಮನಿಸಿ. ಒಟ್ಟು ವ್ಯತ್ಯಾಸ ಶೇ 0.134. ಅದರಲ್ಲಿ ಸುಮಾರು 0.064 ಭಾಗಿಸುವ ಮೊತ್ತದಿಂದ ಬಂತು, 0.070 ವರ್ಷದ ದಿನಗಳಿಂದ ಬಂತು. ಶೇ 5ರ ಆಸುಪಾಸಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಇವೆರಡರ ಸ್ವಭಾವ ಬೇರೆ. ಅಧಿಕ ವರ್ಷ ಬಿಟ್ಟರೆ ದಿನಗಳ ತಿದ್ದುಪಡಿ ಯಾವಾಗಲೂ 365/360, ಅಂದರೆ 1.0139 ಪಟ್ಟು. ಅದು ಬದಲಾಗುವುದಿಲ್ಲ. ಮೊತ್ತದ ತಿದ್ದುಪಡಿ ಮಾತ್ರ ದರ ಏರಿದಷ್ಟೂ, ಅವಧಿ ಉದ್ದವಾದಷ್ಟೂ ಬೆಳೆಯುತ್ತದೆ. ಅದೇ 91 ದಿನಕ್ಕೆ ಡಿಸ್ಕೌಂಟ್ ದರ ಶೇ 1 ಇದ್ದರೆ ನಿಜ ಗಳಿಕೆ 1.016, ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. 1981ರಲ್ಲಿ ಮೂರು ತಿಂಗಳ ಬಿಲ್‌ನ ದರ ಶೇ 15 ದಾಟಿತ್ತು. ಶೇ 15ಕ್ಕೆ ನಿಜ ಗಳಿಕೆ 15.81 ಆಗುತ್ತದೆ. ಮುಕ್ಕಾಲು ಪರ್ಸೆಂಟ್‌ಗಿಂತ ಜಾಸ್ತಿ ಅಂತರ. ಬಡ್ಡಿ ತೀರಾ ಕಡಿಮೆ ಇದ್ದ ವರ್ಷಗಳಲ್ಲಿ ಕಲಿತವರು ಈ ಅಂತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಅಭ್ಯಾಸ ಮಾಡಿಕೊಂಡಿರುತ್ತಾರೆ. ದರ ಏರಿದಾಗ ಆ ಅಭ್ಯಾಸ ಕೈಕೊಡುತ್ತದೆ.

ಒಂದೇ ಏಟಿಗೆ ಬದಲಿಸುವ ಸೂತ್ರ, ಮತ್ತು ಅದರ ವಾಪಸ್ ದಾರಿ

ಬೆಲೆಯ ಮೂಲಕ ಹೋಗುವ ದಾರಿ ಅರ್ಥವಾದ ಮೇಲೆ ಬೆಲೆಯನ್ನು ನಡುವಿನಿಂದ ತೆಗೆದುಹಾಕಬಹುದು. ಎರಡು ಸೂತ್ರ ಕೂಡಿಸಿದರೆ ಇದು ಉಳಿಯುತ್ತದೆ:

```
y = 365 × d / (360 - d × t)
```

ನಮ್ಮ ಬಿಲ್‌ಗೆ ಮೇಲಿನ ಭಾಗ 18.25, ಕೆಳಗಿನದು 355.45. ಭಾಗಿಸಿದರೆ ಅದೇ 0.051343. ದರವನ್ನು ಯಾವಾಗಲೂ 0.05 ಅಂತ ಹಾಕಿ. ಮರೆತು 5 ಅಂತ ಹಾಕಿದರೆ ಕೆಳಗಿನ ಭಾಗ 360ರಿಂದ 455 ಕಳೆದು ಋಣ ಸಂಖ್ಯೆ ಆಗುತ್ತದೆ, ಉತ್ತರ ಮೈನಸ್ 19 ಅಂತ ಬರುತ್ತದೆ. ಅಲ್ಲಿಗೆ ತಪ್ಪು ತಾನೇ ಹೊರಬೀಳುತ್ತದೆ. ಆದರೆ ಅವಧಿ ಕಡಿಮೆ ಇದ್ದಾಗ, 28 ದಿನದ ಬಿಲ್‌ನಲ್ಲಿ, 5 ಅಂತ ಹಾಕಿದರೂ ಧನ ಸಂಖ್ಯೆಯೇ ಬರುತ್ತದೆ. ಆ ಉತ್ತರ 8ರ ಹತ್ತಿರ ಇರುತ್ತದೆ. ನೋಡಲು ಬಡ್ಡಿ ದರದ ಹಾಗೆಯೇ ಕಾಣುವುದರಿಂದ ಇದು ಹೆಚ್ಚು ಅಪಾಯ.

ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಡಿಸ್ಕೌಂಟ್ ದರವನ್ನು 1.0139ರಿಂದ ಗುಣಿಸಿ. ಅರ್ಧ ವರ್ಷದೊಳಗಿನ ಬಿಲ್‌ನಲ್ಲಿ ನಿಜ ಗಳಿಕೆ ಅದಕ್ಕಿಂತ ಸ್ವಲ್ಪ ಮೇಲೇ ಇರಬೇಕು. ಶೇ 5ಕ್ಕೆ ಅದು 5.069. ನಿಮ್ಮ ಉತ್ತರ ಅದಕ್ಕಿಂತ ಕೆಳಗಿದ್ದರೆ ಎಲ್ಲೋ ಎಡವಿದ್ದೀರಿ. ಒಂದು ಪರ್ಸೆಂಟ್ ಮೇಲೆ ಹೋಗಿದ್ದರೂ ಎಡವಿದ್ದೀರಿ.

ಕೆಲವೊಮ್ಮೆ ಉಲ್ಟಾ ಬೇಕಾಗುತ್ತದೆ. ನನಗೆ ನಿಜವಾಗಿ ಶೇ 5 ಸಿಗಬೇಕು, ಅದಕ್ಕೆ ಡಿಸ್ಕೌಂಟ್ ದರ ಎಷ್ಟಿರಬೇಕು ಅಂತ ಕೇಳಿಕೊಳ್ಳುತ್ತೀರಿ. ಆಗ:

```
d = 360 × y / (365 + y × t)
d = 360 × 0.05 / (365 + 0.05 × 91) = 18 / 369.55 = 0.048708
```

ಶೇ 4.871. ಬ್ರೋಕರ್ ಮೂಲಕ ಹರಾಜಿನಲ್ಲಿ ದರ ಹೇಳಿ ಬಿಡ್ ಹಾಕುವವರಿಗೆ ಇದು ನೇರವಾಗಿ ಬೇಕಾಗುವ ಲೆಕ್ಕ. ಬಿಲ್‌ಗೆ ಬಿಡ್ ಹಾಕುವುದು ಡಿಸ್ಕೌಂಟ್ ದರದಲ್ಲಿ, ಅದೂ 0.005ರ ಹೆಜ್ಜೆಗಳಲ್ಲಿ. ಹಾಗಾಗಿ ನೀವು 4.875 ಅಂತ ಹಾಕಬೇಕು. 4.870 ಹಾಕಿದರೆ ಗುರಿಗಿಂತ ಕೂದಲೆಳೆಯಷ್ಟು ಕಡಿಮೆ ಸಿಗಬಹುದು. ಟ್ರೆಷರಿಡೈರೆಕ್ಟ್ ಖಾತೆಯಲ್ಲಿ ಕೊಳ್ಳುವವರಿಗೆ ಈ ತಲೆಬಿಸಿ ಇಲ್ಲ. ಅಲ್ಲಿ ದರ ಹೇಳದೆ ಬಿಡ್ ಹಾಕುವ ಅವಕಾಶ ಮಾತ್ರ ಇರುವುದು, ಹರಾಜಿನಲ್ಲಿ ನಿಂತ ದರವೇ ನಿಮಗೂ ಸಿಗುತ್ತದೆ.

ಬ್ಯಾಂಕ್ ಠೇವಣಿಯ ಪಕ್ಕ ಇಡುವಾಗ

ನಾನು ಎಡವಿದ್ದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ಬ್ಯಾಂಕ್‌ಗಳು ಠೇವಣಿಗೆ ಹೇಳುವ ದರ `APY`. ಅದರಲ್ಲಿ ಚಕ್ರಬಡ್ಡಿ ಸೇರಿರುತ್ತದೆ. ಮೂರು ತಿಂಗಳ ಠೇವಣಿಯಾದರೂ, ಅದೇ ದರದಲ್ಲಿ ವರ್ಷಪೂರ್ತಿ ಮತ್ತೆ ಮತ್ತೆ ಇಟ್ಟರೆ ಎಷ್ಟಾಗುತ್ತದೆ ಅನ್ನುವ ಲೆಕ್ಕ ಅದು. ನಮ್ಮ 5.134ರಲ್ಲಿ ಚಕ್ರಬಡ್ಡಿ ಇಲ್ಲ. ಹಾಗಾಗಿ ಅದನ್ನೂ `APY` ಪಕ್ಕ ಹಾಗೇ ಇಡಬಾರದು. ಬಿಲ್ಲನ್ನೂ ಅದೇ ಅಳತೆಗೆ ತರಬೇಕು:

```
(F / P)^(365 / t) - 1
(10000 / 9873.6111)^(365 / 91) - 1 = 0.05234
```

ಶೇ 5.234. ಅಂದರೆ ಒಂದೇ ಬಿಲ್‌ಗೆ ಡಿಸ್ಕೌಂಟ್ ದರ 5.000, ಬಾಂಡ್‌ಗಳ ಅಳತೆಯಲ್ಲಿ 5.134, ಠೇವಣಿಯ ಅಳತೆಯಲ್ಲಿ 5.234. ಮೂರೂ ಸರಿ. ಮೂರರಿಂದಲೂ ನಿಮಗೆ ಬರುವುದು ಅದೇ 126 ಡಾಲರ್ 39 ಸೆಂಟ್.

ಈಗ ಬ್ಯಾಂಕೊಂದು 91 ದಿನದ ಠೇವಣಿಗೆ `APY` ಶೇ 5.15 ಅಂತ ಹೇಳಿತು ಅನ್ನಿ. ಡಿಸ್ಕೌಂಟ್ ದರ 5ರ ಪಕ್ಕ ಇಟ್ಟರೆ ಠೇವಣಿ ದೊಡ್ಡದಾಗಿ ಕಾಣುತ್ತದೆ. 5.134ರ ಪಕ್ಕ ಇಟ್ಟರೂ ಠೇವಣಿಯೇ ಮೇಲು ಅನಿಸುತ್ತದೆ. ಅನುಮಾನ ಬಂದಾಗ ದರ ಬಿಟ್ಟು ಡಾಲರ್‌ಗೆ ಬನ್ನಿ. ಅದೇ 9,873.61 ಡಾಲರ್‌ನ್ನು ಆ ಠೇವಣಿಯಲ್ಲಿ 91 ದಿನ ಇಟ್ಟರೆ ಬರುವ ಬಡ್ಡಿ ಸುಮಾರು 124 ಡಾಲರ್ 40 ಸೆಂಟ್. ಬಿಲ್‌ನಲ್ಲಿ ಎರಡು ಡಾಲರ್ ಜಾಸ್ತಿ. ಇದರ ಮೇಲೆ, ಬಿಲ್‌ನ ಸಂಪಾದನೆಗೆ ರಾಜ್ಯ ಮತ್ತು ಸ್ಥಳೀಯ ಆದಾಯ ತೆರಿಗೆ ಇಲ್ಲ, ಕೇಂದ್ರದ ತೆರಿಗೆ ಮಾತ್ರ. ಠೇವಣಿಯ ಬಡ್ಡಿಗೆ ಆ ವಿನಾಯಿತಿ ಸಿಗುವುದಿಲ್ಲ.

ಅರ್ಧ ವರ್ಷ ದಾಟಿದ ಬಿಲ್

ಇಲ್ಲಿಯವರೆಗಿನ ಸೂತ್ರಗಳು ಅರ್ಧ ವರ್ಷದೊಳಗಿನ ಬಿಲ್‌ಗಳಿಗೆ. 4 ವಾರದಿಂದ 26 ವಾರದವರೆಗೆ ಎಲ್ಲವೂ ಇದರಲ್ಲಿ ಬರುತ್ತವೆ. 52 ವಾರದ ಬಿಲ್ ಬರುವುದಿಲ್ಲ. ಕಾರಣ ಸರಳ. ಅಮೆರಿಕದ ಸರ್ಕಾರಿ ಬಾಂಡ್ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ. ಆ ಬಡ್ಡಿಯನ್ನು ಮತ್ತೆ ಹೂಡಬಹುದು. ಬಿಲ್ ನಡುವೆ ಏನೂ ಕೊಡುವುದಿಲ್ಲ. ಅವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಬೇಕಾದರೆ, ಬಿಲ್ ಕೂಡ ಆರು ತಿಂಗಳಿಗೆ ಒಮ್ಮೆ ಬಡ್ಡಿ ಕೊಟ್ಟಂತೆ ಭಾವಿಸಿ ಲೆಕ್ಕ ಹಾಕಬೇಕು. ಮೊದಲ ಅರ್ಧ ವರ್ಷಕ್ಕೆ ಒಂದು ಬಡ್ಡಿ, ಉಳಿದ ದಿನಗಳಿಗೆ ಅದರ ಮೇಲೆ ಇನ್ನೊಂದು:

```
P × (1 + y/2) × (1 + y × (t/365 - 1/2)) = F
```

ಇದರಲ್ಲಿ y ಎರಡು ಕಡೆ ಇರುವುದರಿಂದ ಶಾಲೆಯಲ್ಲಿ ಕಲಿತ ವರ್ಗ ಸಮೀಕರಣದ ದಾರಿ ಹಿಡಿಯಬೇಕು:

```
a = t/730 - 0.25
b = t/365
c = (P - F) / P
y = (-b + sqrt(b^2 - 4*a*c)) / (2*a)
```

364 ದಿನ, ಡಿಸ್ಕೌಂಟ್ ದರ ಶೇ 5 ಹಾಕಿ ನೋಡೋಣ. 100 ಡಾಲರ್ ಮುಖಬೆಲೆಗೆ ಬೆಲೆ 94.944444. a 0.248630, b 0.997260, c ಮೈನಸ್ 0.053248. ವರ್ಗಮೂಲ 1.023467. ಅದರಿಂದ b ಕಳೆದರೆ 0.026206, ಅದನ್ನು 0.497260ರಿಂದ ಭಾಗಿಸಿದರೆ 0.05270. ನಿಜ ಗಳಿಕೆ ಶೇ 5.270.

ಹಿಂದಿನ ಸುಲಭ ಸೂತ್ರವನ್ನೇ ಇಲ್ಲೂ ಹಾಕಿದ್ದರೆ ಶೇ 5.339 ಬರುತ್ತಿತ್ತು. 0.07ರಷ್ಟು ಜಾಸ್ತಿ. ಉತ್ತರ ನೋಡಲು ಸಹಜವಾಗಿಯೇ ಇರುತ್ತದೆ, ಮೇಲೆ ಹೇಳಿದ ಪರೀಕ್ಷೆಯಲ್ಲೂ ಪಾಸಾಗುತ್ತದೆ. ಹಾಗಾಗಿ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. 52 ವಾರದ ಬಿಲ್‌ನ `Investment Rate` ನಿಮ್ಮ ಲೆಕ್ಕಕ್ಕಿಂತ ಕಡಿಮೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅಧಿಕ ವರ್ಷ ಮತ್ತು ಸ್ಪ್ರೆಡ್‌ಶೀಟ್

ಇನ್ನೊಂದು ಸಣ್ಣ ಗೊಂದಲ ಫೆಬ್ರವರಿ 29ರದ್ದು. ಬಿಲ್ ಹೊರಬಂದ ದಿನದಿಂದ ಮುಂದಿನ ಒಂದು ವರ್ಷದೊಳಗೆ ಫೆಬ್ರವರಿ 29 ಬಂದರೆ ಟ್ರೆಷರಿ 365ರ ಬದಲು 366 ಹಾಕುತ್ತದೆ. ಬಿಲ್‌ನ ಅವಧಿಯೊಳಗೇ ಆ ದಿನ ಬರಬೇಕು ಅಂತಿಲ್ಲ. 2023ರ ಅಕ್ಟೋಬರ್ 5ರಿಂದ 2024ರ ಜನವರಿ 4ರವರೆಗಿನ 91 ದಿನ ತೆಗೆದುಕೊಳ್ಳಿ. ಫೆಬ್ರವರಿ ಬರುವ ಮೊದಲೇ ಹಣ ಕೈಗೆ ಬಂದಿರುತ್ತದೆ. ಆದರೂ 366ರ ಲೆಕ್ಕವೇ. ಡಿಸ್ಕೌಂಟ್ ದರ ಶೇ 5 ಆದರೆ ಗಳಿಕೆ 5.134ರ ಬದಲು 5.148 ಅಂತ ಬರೆಯಲಾಗುತ್ತದೆ. ಬೆಲೆ ಒಂದು ಸೆಂಟ್ ಕೂಡ ಬದಲಾಗುವುದಿಲ್ಲ, ಏಕೆಂದರೆ ಬೆಲೆಯ ಸೂತ್ರದಲ್ಲಿ ಇರುವುದು 360 ಮಾತ್ರ.

ಎಕ್ಸೆಲ್‌ನಲ್ಲಿ ಲೆಕ್ಕ ಮಾಡುವವರಿಗೆ ಮೂರು ಫಂಕ್ಷನ್ ಸಿದ್ಧವಾಗಿವೆ. ನಮ್ಮ ಮೊದಲ ಬಿಲ್‌ಗೆ ಹೀಗೆ ಬರೆಯಬಹುದು:

```
=TBILLPRICE(DATE(2025,1,2), DATE(2025,4,3), 0.05)
=TBILLEQ(DATE(2025,1,2), DATE(2025,4,3), 0.05)
=TBILLYIELD(DATE(2025,1,2), DATE(2025,4,3), 98.736111)
```

ಮೊದಲನೆಯದು 98.736111 ಕೊಡುತ್ತದೆ, ಎರಡನೆಯದು 0.051343. ಮೂರನೆಯದರ ಹೆಸರಿನಲ್ಲಿ ಯೀಲ್ಡ್ ಅಂತಿದೆ, ಆದರೆ ಅದು ಕೊಡುವುದು 0.050640. ಅದು 360 ದಿನದ ಮನಿ ಮಾರ್ಕೆಟ್ ಯೀಲ್ಡ್. ಹೆಸರು ನೋಡಿ ಅದನ್ನೇ ನಿಜ ಗಳಿಕೆ ಅಂದುಕೊಂಡು ಬಾಂಡ್ ಜೊತೆ ಹೋಲಿಸುವವರು ಬಹಳ. ನಿಮಗೆ ಬೇಕಾದದ್ದು `TBILLEQ`. ಅದರ ಸೂತ್ರದಲ್ಲಿ 365 ಇರುವುದರಿಂದ, ಮೇಲೆ ಹೇಳಿದ 2023ರ ಅಕ್ಟೋಬರ್‌ನಂಥ ಬಿಲ್‌ಗೆ ಟ್ರೆಷರಿಯ ಸಂಖ್ಯೆಗಿಂತ 0.014 ಕಡಿಮೆ ತೋರಿಸುತ್ತದೆ.

ಹಳೆಯ ದರಗಳನ್ನು ಇಳಿಸಿಕೊಂಡು ಗ್ರಾಫ್ ಹಾಕುವವರಿಗೂ ಒಂದು ಮಾತು. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಫ್ರೆಡ್ ತಾಣದಲ್ಲಿ `DTB3` ಅನ್ನುವ ಸರಣಿ ಮೂರು ತಿಂಗಳ ಬಿಲ್‌ನ ಡಿಸ್ಕೌಂಟ್ ದರ. `DGS3MO` ಕೂಡ ಮೂರು ತಿಂಗಳದ್ದೇ, ಆದರೆ ಅದು ಗಳಿಕೆಯ ಅಳತೆಯಲ್ಲಿದೆ. 10 ವರ್ಷದ ಬಾಂಡ್‌ನ ಗಳಿಕೆಯಿಂದ `DTB3`ಯನ್ನು ಕಳೆದರೆ ಅಂತರ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡು ದರಗಳು ಹತ್ತಿರ ಬಂದ ಹೊತ್ತಿನಲ್ಲಿ, ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದೇ ಅದಲುಬದಲಾಗಬಹುದು.

ಅವಧಿಗೆ ಮೊದಲೇ ಮಾರಿದರೆ

ಶೇ 5.134 ನಿಮ್ಮದಾಗುವುದು ಕೊನೆಯವರೆಗೆ ಇಟ್ಟುಕೊಂಡರೆ ಮಾತ್ರ. ನಡುವೆ ಮಾರಬೇಕಾದರೆ ಆ ದಿನದ ಡಿಸ್ಕೌಂಟ್ ದರದಿಂದ ಬೆಲೆ ತೆಗೆದು, ಹೊಸದಾಗಿ ಲೆಕ್ಕ ಹಾಕಬೇಕು.

ವ್ಯಾಪಾರಿಗಳು ದರ ಹೇಳುವಾಗ ಒಂದು ವಿಷಯ ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ. 5.02, 5.00 ಅಂತ ಎರಡು ದರ ಹೇಳಿದರೆ, 5.02 ಅವರು ಕೊಳ್ಳುವ ದರ, 5.00 ಅವರು ಮಾರುವ ದರ. ದೊಡ್ಡ ದರ ಅಂದರೆ ಕಡಿಮೆ ಬೆಲೆ. ಅವರು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುತ್ತಿದ್ದಾರೆ, ಅಷ್ಟೇ. ದರದಲ್ಲಿ ನೋಡಿದಾಗ ಉಲ್ಟಾ ಕಾಣುತ್ತದೆ. ಹಾಗಾಗಿ ನೀವು ಮಾರುವಾಗ ದೊಡ್ಡ ದರವನ್ನೇ ಹಿಡಿದು ಲೆಕ್ಕ ಹಾಕಿ.

ನಮ್ಮ ಬಿಲ್ಲನ್ನು 40 ದಿನ ಇಟ್ಟುಕೊಂಡು ಮಾರುತ್ತೀರಿ ಅನ್ನಿ. ಉಳಿದದ್ದು 51 ದಿನ. ಆ ದಿನ ನಿಮ್ಮಿಂದ ಕೊಳ್ಳುವ ದರ ಶೇ 4.90 ಆಗಿದ್ದರೆ:

```
P2 = 10000 × (1 - 0.049 × 51 / 360) = 9930.58
(9930.58 - 9873.61) / 9873.61 × 365 / 40 = 0.05265
```

56 ಡಾಲರ್ 97 ಸೆಂಟ್ ಬಂತು, ವಾರ್ಷಿಕ ಲೆಕ್ಕದಲ್ಲಿ ಶೇ 5.265. ದರ ಇಳಿದಿದ್ದಕ್ಕೆ ಮೂಲ ಗಳಿಕೆಗಿಂತ ಸ್ವಲ್ಪ ಜಾಸ್ತಿಯೇ ಸಿಕ್ಕಿತು. ಅದೇ ದರ ಶೇ 5.40ಕ್ಕೆ ಏರಿದ್ದರೆ ಬೆಲೆ 9,923.50 ಆಗಿ, ಗಳಿಕೆ 4.611ಕ್ಕೆ ಇಳಿಯುತ್ತಿತ್ತು. ಇಲ್ಲಿ ಬೆಲೆ ತೆಗೆಯುವಾಗ ಉಳಿದ 51 ದಿನ, ಗಳಿಕೆ ತೆಗೆಯುವಾಗ ಇಟ್ಟುಕೊಂಡ 40 ದಿನ. ಇವೆರಡನ್ನು ಅದಲುಬದಲು ಮಾಡಿದರೆ ಮೊದಲ ಉದಾಹರಣೆಯ ಗಳಿಕೆ ಶೇ 5.265ರ ಬದಲು 5.215 ಅಂತ ಬರುತ್ತದೆ, ನೋಡಲು ಸಹಜವಾಗಿಯೇ ಇರುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.